ಬಾಳೆಹಣ್ಣು ಕೊಳ್ಳುವ ಮುಂಚೆ: ತಿನ್ನೋಕಾ, ಕರಿಯೋಕಾ, ಮಗುವಿಗಾ?

ನಮ್ಮ ರಸ್ತೆಯ ತಿರುವಿನಲ್ಲಿ ಬಾಳೆಹಣ್ಣಿನ ಗಾಡಿ ಇಟ್ಟುಕೊಂಡಿರುವ ಅಣ್ಣ, ಹೋದ ತಕ್ಷಣ ಕೇಳುವುದು ಒಂದೇ ಮಾತು. "ಇವತ್ತಿಗಾ ಅಕ್ಕ, ನಾಳೆಗಾ?" ಬೆಂಗಳೂರಿಗೆ ಬಂದ ಹೊಸತರಲ್ಲಿ ಈ ಪ್ರಶ್ನೆಗೆ ನಾನು ಸುಮ್ನೆ "ಚೆನ್ನಾಗಿರೋದು ಕೊಡಿ" ಅನ್ನುತ್ತಿದ್ದೆ. ಅವರು ಮುಖ ನೋಡಿ, ಮೇಲಿರುವ ಚಿಪ್ಪು ಎತ್ತಿ ಕೊಡುತ್ತಿದ್ದರು. ಅದು ನನಗೆ ಬೇಕಾದ ಹಣ್ಣೇ ಆಗಿರುತ್ತಿತ್ತು ಅಂತ ಹೇಳೋಕಾಗಲ್ಲ.

ಒಂದು ಭಾನುವಾರ ನೇಂದ್ರ ಬಾಳೆಹಣ್ಣಿನ ಪೋಡಿ ಮಾಡೋಣ ಅಂತ ಹೊರಟೆ. ನಾನು ಪುತ್ತೂರಿನ ಕಡೆಯವಳು, ಮಳೆ ಬಂದರೆ ಪೋಡಿ ಬೇಕೇ ಬೇಕು. ಒಂದು ದೊಡ್ಡ ಅಂಗಡಿಯಲ್ಲಿ ಒಂದೂ ಕಲೆ ಇಲ್ಲದ, ಹಳದಿ ಬಣ್ಣ ಬಳಿದ ಹಾಗಿದ್ದ ನೇಂದ್ರ ಸಿಕ್ಕಿತು. ಮನೆಗೆ ತಂದು, ಸೀಳಿ, ಹಿಟ್ಟಿನಲ್ಲಿ ಅದ್ದಿ ಕರಿದೆ. ಬಾಯಿಗೆ ಹಾಕಿದರೆ ಬೇಯಿಸಿದ ಆಲೂಗಡ್ಡೆಗೆ ಒಂದು ಚಿಟಿಕೆ ಸಕ್ಕರೆ ಹಾಕಿದ ಹಾಗೆ. ಅಮ್ಮನಿಗೆ ಫೋಟೋ ಕಳಿಸಿದೆ. "ಅದು ಇನ್ನೂ ಕಾಯಿ ಮಾರಾಯ್ತಿ, ಕಪ್ಪಾಗ್ಲಿಕ್ಕೆ ಬಿಡ್ಬೇಕಿತ್ತು" ಅಂದರು.

ಹಳದಿ ಇದ್ದರೆ ಹಣ್ಣು, ಹಸಿರು ಇದ್ದರೆ ಕಾಯಿ, ಕಪ್ಪಾದರೆ ಕೊಳೆತದ್ದು ಅಂತ ನಾವು ಅಂದುಕೊಂಡಿರುತ್ತೇವೆ ಅಲ್ವಾ, ಬಾಳೆಯಲ್ಲಿ ಈ ಲೆಕ್ಕ ತಳಿಯಿಂದ ತಳಿಗೆ ಬದಲಾಗುತ್ತದೆ. ಒಂದೇ ಹಳದಿ ಬಣ್ಣ ಪಚ್ಚಬಾಳೆಯಲ್ಲಿ "ಈಗಲೇ ತಿನ್ನು" ಅನ್ನುತ್ತದೆ, ಏಲಕ್ಕಿಯಲ್ಲಿ "ಒಂದು ದಿನ ತಡಿ" ಅನ್ನುತ್ತದೆ, ನೇಂದ್ರದಲ್ಲಿ "ಇನ್ನೂ ಮೂರು ನಾಲ್ಕು ದಿನ ಮುಟ್ಟಬೇಡ" ಅನ್ನುತ್ತದೆ. ಹಾಗಾಗಿ ಮೊದಲು ತಳಿ, ಆಮೇಲೆ ಬಣ್ಣ. ಕೆಳಗೆ ಅದೇ ಕ್ರಮದಲ್ಲಿ ಬರೆದಿದ್ದೇನೆ.

ಹಂತ 1: ಗಾಡಿಯ ಮೇಲಿರುವುದು ಯಾವುದು ಅಂತ ಗುರುತಿಸಿ

ಕರ್ನಾಟಕದಲ್ಲಿ ಬಾಳೆ ತಳಿಗಳು ಬೇಕಾದಷ್ಟಿವೆ. ನಂಜನಗೂಡಿನ ರಸಬಾಳೆ, ಕಲಬುರಗಿ ಕಡೆಯ ಕಮಲಾಪುರದ ಕೆಂಪು ಬಾಳೆ, ಕಂಪ್ಲಿ, ಆನೆಗೊಂದಿ ಕಡೆಯ ಸುಗಂಧಿ, ಬೆಳಗಾವಿ ಕಡೆಯ ರಾಜಾಪುರಿ, ಹೀಗೆ. ಆದರೆ ದಿನಾ ಸಂತೆಗೆ ಹೋಗುವವರ ಕೈಗೆ ಸಿಗುವುದು ಹೆಚ್ಚಾಗಿ ಮೂರು ಹಣ್ಣು, ಒಂದು ಕಾಯಿ. ಇವನ್ನು ಸರಿಯಾಗಿ ತಿಳಿದರೆ ಸಾಕು.

ಮೊದಲನೆಯದು ಏಲಕ್ಕಿ ಬಾಳೆ. ಕೆಲವು ಕಡೆ ಪುಟ್ಟಬಾಳೆ ಅಂತಾರೆ, ನಮ್ಮ ಕಡೆ ಕದಳಿ ಅಂತಾರೆ. ಬೆರಳುದ್ದದ ಹಣ್ಣು, ತೆಳು ಸಿಪ್ಪೆ, ಸಿಹಿಯ ಜೊತೆ ಒಂದು ಎಳೆ ಹುಳಿ. ಕೆಜಿಗೆ ಸುಮಾರು 12ರಿಂದ 16 ಹಣ್ಣು ಬರುತ್ತವೆ. ಬೆಲೆ ಮಾತ್ರ ಪಚ್ಚಬಾಳೆಗಿಂತ ಜಾಸ್ತಿ, ಹಬ್ಬದ ವಾರ ಕೇಳಲೇಬೇಡಿ.

ಎರಡನೆಯದು ಪಚ್ಚಬಾಳೆ. ಉದ್ದ, ಬಾಗಿದ ಹಣ್ಣು, ಕೆಜಿಗೆ ಆರೇಳು. ಸೂಪರ್‌ಮಾರ್ಕೆಟಿನಲ್ಲಿ ಸ್ಟಿಕ್ಕರ್ ಅಂಟಿಸಿಕೊಂಡು ಹಳದಿಯಾಗಿ ಹೊಳೆಯುತ್ತಾ ಕೂತಿರುವ ಜಿ-9 ಕೂಡ ಇದೇ ಕುಟುಂಬದ್ದು. ಇಲ್ಲೊಂದು ಗೊಂದಲ ಇದೆ. ತಳ್ಳುಗಾಡಿಯಲ್ಲಿ ಹಸಿರಾಗಿ ಸಿಗುವುದು ಒಂದು ಜಾತಿ, ಮಾಲ್‌ನಲ್ಲಿ ಹಳದಿಯಾಗಿ ಸಿಗುವುದು ಇನ್ನೊಂದು ಜಾತಿ ಅಂತ ತುಂಬಾ ಜನ ತಿಳಿದಿದ್ದಾರೆ. ವ್ಯತ್ಯಾಸ ಮುಖ್ಯವಾಗಿ ಬಿಸಿಲಿನದು. ಈ ಹಣ್ಣು 24 ಡಿಗ್ರಿಗಿಂತ ಜಾಸ್ತಿ ಬಿಸಿಯಲ್ಲಿ ಹಣ್ಣಾದರೆ ಒಳಗಿನ ತಿರುಳು ಮಾಗುತ್ತದೆ, ಆದರೆ ಸಿಪ್ಪೆಯ ಹಸಿರು ಪೂರ್ತಿ ಹೋಗುವುದಿಲ್ಲ. ಅದೇ ಹಣ್ಣನ್ನು 16ರಿಂದ 18 ಡಿಗ್ರಿಯ ತಂಪು ಕೋಣೆಯಲ್ಲಿ ಹಣ್ಣು ಮಾಡಿದರೆ ಸಿಪ್ಪೆ ನಿಂಬೆ ಹಳದಿಗೆ ತಿರುಗುತ್ತದೆ. ಅಂದರೆ ಪಚ್ಚಬಾಳೆ ಹಸಿರಾಗಿದೆ ಅಂತ ವಾಪಸ್ ಇಡಬೇಡಿ. ಬಿಸಿಲುಗಾಲದಲ್ಲಿ ಅದು ಹಸಿರು ಅಂಗಿ ಹಾಕಿಕೊಂಡ ಹಣ್ಣೇ ಇರಬಹುದು.

ಮೂರನೆಯದು ನೇಂದ್ರ. ದಪ್ಪ ಸಿಪ್ಪೆ, ಒಂದಡಿ ಹತ್ತಿರ ಉದ್ದ, ಮೈಮೇಲೆ ಎದ್ದು ಕಾಣುವ ಏಣುಗಳು. ಕೆಜಿಗೆ ನಾಲ್ಕೋ ಐದೋ. ಕೇರಳದ ಹಣ್ಣು ಅಂತ ಹೆಸರು, ಆದರೆ ನಮ್ಮ ದಕ್ಷಿಣ ಕನ್ನಡ, ಕೊಡಗು, ಗುಂಡ್ಲುಪೇಟೆ ಕಡೆಯೂ ಬೆಳೆಯುತ್ತಾರೆ. ಕಾಯಿ, ಹಣ್ಣು ಎರಡೂ ಕರಿಯಲು ಆಗುವ ಬಾಳೆ ಅಂದರೆ ಇದೇ.

ನಾಲ್ಕನೆಯದು ತರಕಾರಿ ಅಂಗಡಿಯ ಬಾಳೆಕಾಯಿ, ಗಿಡ್ಡ, ದಪ್ಪ, ಕೆಲವಕ್ಕೆ ಮೈಮೇಲೆ ಬೂದಿ ಬಳಿದ ಹಾಗಿರುತ್ತದೆ. "ಬಜ್ಜಿ ಬಾಳೆಕಾಯಿ" ಅಂತ ಕೇಳಿದರೆ ಕೊಡುತ್ತಾರೆ. ಇದು ಹಣ್ಣಿನ ಗಾಡಿಯಲ್ಲಿ ಸಿಗಲ್ಲ.

ರಸಬಾಳೆಯ ಬಗ್ಗೆ ಒಂದು ಮಾತು. ನಂಜನಗೂಡು ರಸಬಾಳೆಗೆ ಭೌಗೋಳಿಕ ಗುರುತು ಇದೆ, ಆದರೆ ಸೊರಗು ರೋಗ ಬಿದ್ದು ತೋಟಗಳು ಬಹಳ ಕಮ್ಮಿಯಾಗಿವೆ. ಹಾಗಾಗಿ ಗಾಡಿಯವರು ರಸಬಾಳೆ ಅಂದ ಮಾತ್ರಕ್ಕೆ ಅದು ನಂಜನಗೂಡಿನದೇ ಅಂತ ನಂಬಿ ದುಬಾರಿ ಬೆಲೆ ಕೊಡಬೇಡಿ. ರುಚಿ ಹಿಡಿಸಿದರೆ ಕೊಳ್ಳಿ, ಹೆಸರಿಗೆ ಬೇಡ.

ಹಂತ 2: ಹಣ್ಣಾಗಿದೆಯಾ ಅಂತ ನೋಡುವ ಮುಂಚೆ ಬಲಿತಿದೆಯಾ ನೋಡಿ

ಇದನ್ನು ನಾನು ಕಲಿತದ್ದು ತಡವಾಗಿ. ಬಲಿಯುವುದು ಬೇರೆ, ಹಣ್ಣಾಗುವುದು ಬೇರೆ. ಬಲಿಯುವುದು ಗಿಡದ ಮೇಲೆ ಮಾತ್ರ. ಗೊನೆ ಕಡಿದ ಮೇಲೆ ಅದು ಅಲ್ಲಿಗೇ ನಿಲ್ಲುತ್ತದೆ. ಹಣ್ಣಾಗುವುದು ಎಲ್ಲಿ ಬೇಕಾದರೂ ಆಗುತ್ತದೆ, ನಿಮ್ಮ ಅಕ್ಕಿ ಡಬ್ಬಿಯಲ್ಲೂ ಆಗುತ್ತದೆ. ಬೆಲೆ ಚೆನ್ನಾಗಿದೆ ಅಂತ ಎಳೆಯ ಗೊನೆ ಕಡಿದು ಮಾರಿದರೆ, ಆ ಕಾಯಿ ಹಳದಿಯಾಗುತ್ತದೆ, ಮೆತ್ತಗೂ ಆಗುತ್ತದೆ, ಆದರೆ ಸಿಹಿ ಬರುವುದಿಲ್ಲ. ಸಿಹಿಯಾಗಲು ಒಳಗೆ ಪಿಷ್ಟ ತುಂಬಿರಬೇಕು. ಬಲಿತ ಹಸಿ ಪಚ್ಚಬಾಳೆಯ 100 ಗ್ರಾಂ ತಿರುಳಲ್ಲಿ ಸುಮಾರು 20 ಗ್ರಾಂ ಪಿಷ್ಟ ಇರುತ್ತದೆ, ಪೂರ್ತಿ ಹಣ್ಣಾಗುವಾಗ ಅದೆಲ್ಲ ಸಕ್ಕರೆಯಾಗಿ ಒಂದೆರಡು ಗ್ರಾಂ ಮಾತ್ರ ಉಳಿಯುತ್ತದೆ. ತುಂಬುವ ಮೊದಲೇ ಕಡಿದರೆ ಸಕ್ಕರೆಯಾಗಲು ಏನಿರುತ್ತದೆ?

ಬಲಿತದ್ದನ್ನು ಗುರುತಿಸುವುದು ಏಣಿನಿಂದ. ಏಲಕ್ಕಿ ಅಥವಾ ಪಚ್ಚಬಾಳೆಯ ಒಂದು ಹಣ್ಣಿನ ನಡುಭಾಗವನ್ನು ಬೆರಳಲ್ಲಿ ಸುತ್ತಿ ಹಿಡಿದು ನೋಡಿ. ಎಳೆಯದಾದರೆ ಪೆನ್ಸಿಲಿನ ಹಾಗೆ ಮೂಲೆಗಳು ಬೆರಳಿಗೆ ತಾಗುತ್ತವೆ. ಬಲಿತದ್ದರಲ್ಲಿ ಆ ಮೂಲೆಗಳು ತುಂಬಿ ಮೈ ಗುಂಡಗಾಗಿರುತ್ತದೆ. ಹಣ್ಣಿನ ತುದಿ ಸಪೂರವಾಗಿ ಉದ್ದಕ್ಕೆ ಚಾಚಿಕೊಂಡಿದ್ದು ನಡು ಕೂಡ ಸಣಕಲಾಗಿದ್ದರೆ ಆ ಚಿಪ್ಪು ಬಿಟ್ಟುಬಿಡಿ. ನೇಂದ್ರಕ್ಕೆ ಮಾತ್ರ ಈ ಪರೀಕ್ಷೆ ನಡೆಯಲ್ಲ, ಪೂರ್ತಿ ಬಲಿತರೂ ಅದರ ಏಣು ಹೋಗುವುದಿಲ್ಲ. ಅಲ್ಲಿ ದಪ್ಪ ನೋಡಬೇಕು, ನಡುಭಾಗ ಕೈತುಂಬ ಸಿಗಬೇಕು.

ಹಂತ 3: ತಿನ್ನಲು ಕೊಳ್ಳುವಾಗ

ಪಚ್ಚಬಾಳೆಗೆ ವ್ಯಾಪಾರಿಗಳ ಪ್ರಪಂಚದಲ್ಲಿ ಒಂದರಿಂದ ಏಳರವರೆಗೆ ಬಣ್ಣದ ಮೆಟ್ಟಿಲುಗಳಿವೆ. ಒಂದು ಅಂದರೆ ಪೂರ್ತಿ ಹಸಿರು. ನಾಲ್ಕರಲ್ಲಿ ಹಸಿರಿಗಿಂತ ಹಳದಿ ಜಾಸ್ತಿ. ಐದರಲ್ಲಿ ಮೈ ಹಳದಿ, ತೊಟ್ಟು ಮತ್ತು ತುದಿ ಮಾತ್ರ ಹಸಿರು. ಆರು ಪೂರ್ತಿ ಹಳದಿ. ಏಳರಲ್ಲಿ ಹಳದಿ ಮೇಲೆ ಕಂದು ಚುಕ್ಕೆ. ಇಷ್ಟನ್ನು ನೆನಪಿಟ್ಟುಕೊಂಡರೆ ತಂಪು ಕೋಣೆಯಿಂದ ಬಂದ ಹಣ್ಣಿಗೆ ಸಾಕು. ಇವತ್ತೇ ತಿನ್ನಲು ಆರು ಅಥವಾ ಏಳು, ನಾಳೆ ನಾಡಿದ್ದಿಗೆ ಐದು, ವಾರದ ಕೊನೆಗೆ ನಾಲ್ಕು. ನಾಲ್ಕಕ್ಕಿಂತ ಕೆಳಗಿನದನ್ನು ಮನೆಗೆ ತಂದು ಕಾಯುವುದು ನನಗಂತೂ ಇಷ್ಟ ಇಲ್ಲ, ಒಂದೊಂದು ಸಲ ಹಣ್ಣಾಗುವ ಬದಲು ಮುರುಟುತ್ತದೆ.

ಹಸಿರಾಗಿಯೇ ಹಣ್ಣಾದ ಪಚ್ಚಬಾಳೆಗೆ ಬಣ್ಣ ಸಹಾಯ ಮಾಡುವುದಿಲ್ಲ. ಅಲ್ಲಿ ಮೂಗು ಮತ್ತು ಹೆಬ್ಬೆರಳು. ಕಾಯಿಗೆ ವಾಸನೆ ಇರುವುದಿಲ್ಲ, ಹಣ್ಣಿಗೆ ಇರುತ್ತದೆ, ಚಿಪ್ಪಿನ ಹತ್ತಿರ ಮೂಗು ಇಟ್ಟರೆ ಗೊತ್ತಾಗುತ್ತದೆ. ಆಮೇಲೆ ಹಣ್ಣಿನ ನಡುವೆ ಹೆಬ್ಬೆರಳಿನ ಹೊಟ್ಟೆಯಿಂದ ಮೆಲ್ಲಗೆ ಒತ್ತಿ. ಉಗುರಲ್ಲಿ ಚುಚ್ಚಬೇಡಿ, ಆ ಗಾಯ ನಾಳೆ ಕಪ್ಪಾಗುತ್ತದೆ, ಗಾಡಿಯವರಿಗೂ ನಷ್ಟ. ಒತ್ತಿದ ಜಾಗ ಸ್ವಲ್ಪ ಬಗ್ಗಿ ವಾಪಸ್ ಬಂದರೆ ಇವತ್ತಿಗೆ ಸರಿ. ಬಗ್ಗಿ ಅಲ್ಲೇ ಗುಳಿ ಉಳಿದರೆ ಕಳಿತಿದೆ, ಅದು ಬನ್ಸ್‌ಗೆ.

ಏಲಕ್ಕಿಯಲ್ಲಿ ನಾವು ಜಾಸ್ತಿ ಮೋಸ ಹೋಗುತ್ತೇವೆ. ಹೊಳೆಯುವ ಹಳದಿ, ಒಂದೂ ಚುಕ್ಕೆ ಇಲ್ಲ, ತೊಟ್ಟು ಗಟ್ಟಿ, ನೋಡಲು ಚೆಂದ. ತಿಂದರೆ ನಾಲಿಗೆ ಒಗರಾಗಿ ಎಳೆದ ಹಾಗೆ ಆಗುತ್ತದೆ, ಗಂಟಲಲ್ಲಿ ಹಿಡಿಯುತ್ತದೆ. ಏಲಕ್ಕಿ ನಿಜವಾಗಿ ಹಣ್ಣಾದಾಗ ಅದರ ಸಿಪ್ಪೆ ಕಾಗದದ ಹಾಗೆ ತೆಳ್ಳಗಾಗುತ್ತದೆ. ಮೈಮೇಲೆ ಸಾಸಿವೆ ಕಾಳಿನಷ್ಟು ಸಣ್ಣ ಕಪ್ಪು ಚುಕ್ಕೆಗಳು ಬರುತ್ತವೆ. ಹಣ್ಣನ್ನು ಚಿಪ್ಪಿನಿಂದ ಮೆಲ್ಲಗೆ ತಿರುಗಿಸಿದರೆ ಸುಲಭವಾಗಿ ಕಳಚಿ ಬರುತ್ತದೆ. ಗಾಡಿಯಲ್ಲಿ ಬಿಡಿ ಬಿಡಿಯಾಗಿ ಉದುರಿದ ಏಲಕ್ಕಿಯನ್ನು ಕಮ್ಮಿ ಬೆಲೆಗೆ ಒಂದು ಮೂಲೆಗೆ ಇಟ್ಟಿರುತ್ತಾರೆ ನೋಡಿ, ಅವತ್ತೇ ತಿನ್ನುವುದಾದರೆ ಗಾಡಿಯಲ್ಲಿ ರುಚಿಯಾದ ಹಣ್ಣು ಅದೇ. ಸಿಪ್ಪೆ ಸೀಳಿ ತಿರುಳು ಹೊರಗೆ ಬಂದಿರಬಾರದು, ನೊಣ ಕೂತಿರಬಾರದು, ಅಷ್ಟೇ.

ಸಂಶಯ ಇದ್ದರೆ ಒಂದು ಸುಲಿದು ನೋಡುವುದು ಒಳ್ಳೆಯದು. ಖಾಯಂ ಗಿರಾಕಿಯಾದರೆ ಗಾಡಿಯವರೇ ಒಂದು ಕೈಗೆ ಕೊಡುತ್ತಾರೆ. ಸುಲಿಯುವಾಗ ಸಿಪ್ಪೆ ಟಕ್ ಅಂತ ತುಂಡಾಗಿ, ತಿರುಳಿಗೆ ಅಂಟಿಕೊಂಡು ಬಂದರೆ ಇನ್ನೂ ದೋರೆಗಾಯಿ. ಸಿಪ್ಪೆ ಉದ್ದಕ್ಕೆ ಸಲೀಸಾಗಿ ಬಿಟ್ಟು, ಒಳಗಿನ ನಾರಿನ ಎಳೆಗಳೂ ಅದರ ಜೊತೆಗೇ ಬಂದರೆ ಹಣ್ಣು.

ಈಗ ಕಾರ್ಬೈಡ್ ವಿಷಯ. "ಮೈ ಹಳದಿ, ತೊಟ್ಟು ಹಸಿರು ಇದ್ದರೆ ಕಾರ್ಬೈಡ್ ಹಾಕಿದ್ದು" ಅಂತ ವಾಟ್ಸಾಪಲ್ಲಿ ಓಡಾಡುವ ಮಾತು ಅರ್ಧ ಮಾತ್ರ ಸರಿ, ಅಥವಾ ಅಷ್ಟೂ ಅಲ್ಲ. ಮೇಲೆ ಹೇಳಿದ ಐದನೇ ಮೆಟ್ಟಿಲು ನೆನಪಿದೆಯಾ? ಸರಿಯಾದ ಕೋಣೆಯಲ್ಲಿ ಎಥಿಲೀನ್ ಕೊಟ್ಟು ಹಣ್ಣು ಮಾಡಿದ ಪಚ್ಚಬಾಳೆ ಕೂಡ ಒಂದು ದಿನ ಹಾಗೆಯೇ ಕಾಣುತ್ತದೆ. ಎಥಿಲೀನ್ ಅಂದರೆ ಹಣ್ಣು ತಾನೇ ಬಿಡುವ ಅನಿಲ, 100 ಪಿಪಿಎಂವರೆಗೆ ಬಳಸಲು ನಮ್ಮಲ್ಲಿ ಕಾನೂನಿನ ಅನುಮತಿ ಇದೆ. ಕ್ಯಾಲ್ಸಿಯಂ ಕಾರ್ಬೈಡ್‌ಗೆ ಇಲ್ಲ, ಅದರಲ್ಲಿ ಆರ್ಸೆನಿಕ್, ರಂಜಕದ ಕಲ್ಮಶ ಇರುತ್ತದೆ. ಎರಡನ್ನೂ ಬರಿಗಣ್ಣಲ್ಲಿ ಖಚಿತವಾಗಿ ಬೇರೆ ಮಾಡಿ ಹೇಳೋಕಾಗಲ್ಲ. ನಮ್ಮ ಕೈಲಾಗುವುದು ಇಷ್ಟು: ಪೂರ್ತಿ ಹಳದಿ ಇದ್ದೂ ಕಲ್ಲಿನ ಹಾಗೆ ಗಟ್ಟಿ, ವಾಸನೆಯೇ ಇಲ್ಲ ಅಂದರೆ ಅದನ್ನು ಅವಸರದಲ್ಲಿ ಹಣ್ಣು ಮಾಡಿದ್ದಾರೆ ಅಥವಾ ಎಳೆಯದನ್ನು ಕಡಿದಿದ್ದಾರೆ. ಕಾರಣ ಯಾವುದಾದರೂ ಆಗಲಿ, ರುಚಿ ಇರಲ್ಲ, ಬಿಡಿ. ಮತ್ತೆ ಸುಲಿಯುವ ಮುಂಚೆ ತೊಳೆಯಿರಿ, ಸಿಪ್ಪೆ ಮುಟ್ಟಿದ ಕೈಯಲ್ಲೇ ಹಣ್ಣು ಮುರಿಯುತ್ತೇವಲ್ಲ.

ಚುಕ್ಕೆ ಬೇರೆ, ಪೆಟ್ಟು ಬೇರೆ. ಚುಕ್ಕೆ ಸಿಪ್ಪೆಯ ಮೇಲಷ್ಟೇ ಇರುತ್ತದೆ, ಮೈ ತುಂಬ ಸಣ್ಣಗೆ ಹರಡಿರುತ್ತದೆ. ಪೆಟ್ಟು ಬಿದ್ದ ಜಾಗ ಒಂದೇ ಕಡೆ ಅಗಲವಾಗಿ, ಒತ್ತಿದರೆ ನೀರು ನೀರಾಗಿ ಇರುತ್ತದೆ.

ಹಂತ 4: ಕರಿಯಲು ಕೊಳ್ಳುವಾಗ

ಕರಿಯುವುದರಲ್ಲಿ ಮೂರು ಬಗೆ, ಮೂರಕ್ಕೂ ಬೇರೆ ಬೇರೆ ಬಾಳೆ.

ಚಿಪ್ಸ್‌ಗೆ ಬೇಕಾದದ್ದು ಪೂರ್ತಿ ಬಲಿತ, ಆದರೆ ಹಣ್ಣಾಗಲು ಶುರುವೇ ಆಗದ ನೇಂದ್ರ ಕಾಯಿ. ಪಿಷ್ಟ ಗರಿಗರಿ ಕೊಡುತ್ತದೆ, ಸಕ್ಕರೆ ಬೇಗ ಕಂದಾಗುತ್ತದೆ. ಕಾಯಿ ಒಂದು ದಿನ ಜಾಸ್ತಿ ಆಗಿ ಒಳಗೆ ಸಕ್ಕರೆ ಆಗಲು ಶುರುವಾಗಿದ್ದರೂ ಸಾಕು, ಚಿಪ್ಸ್ ಒಳಗೆ ಒಣಗುವ ಮುಂಚೆ ಹೊರಗೆ ಕೆಂಪಾಗಿಬಿಡುತ್ತದೆ. ತೆಗೆದರೆ ಮೆತ್ತಗೆ, ಬಿಟ್ಟರೆ ಕಹಿ. ಅಂಗಡಿಯಲ್ಲಿ ಗೊತ್ತಾಗುವುದು ಸೊನೆಯಿಂದ. ತೊಟ್ಟಿನ ಹತ್ತಿರ ಚೂರು ಗೀಚಿದರೆ ಹಾಲಿನಂಥ ಸೊನೆ ಜಿನುಗಬೇಕು. ಹಣ್ಣಾಗುತ್ತಾ ಬಂದ ಹಾಗೆ ಸೊನೆ ಕಮ್ಮಿಯಾಗುತ್ತದೆ.

ಮನೆಯಲ್ಲಿ ಇನ್ನೂ ಖಚಿತವಾಗಿ ನೋಡಬೇಕಾದರೆ ಒಂದು ತಮಾಷೆಯ ಪರೀಕ್ಷೆ ಇದೆ. ಗಾಯಕ್ಕೆ ಹಚ್ಚುವ ಕಂದು ಅಯೋಡಿನ್ ದ್ರಾವಣ ಇರುತ್ತದಲ್ಲ, ಕಾಯಿಯ ಒಂದು ಬಿಲ್ಲೆ ಕತ್ತರಿಸಿ ಅದರ ಮೇಲೆ ಎರಡು ಹನಿ ಹಾಕಿ. ಪಿಷ್ಟ ಇರುವ ಕಡೆ ನೀಲಿ ಕಪ್ಪಾಗುತ್ತದೆ. ಬಿಲ್ಲೆ ಇಡೀ ಕಪ್ಪಾದರೆ ಚಿಪ್ಸ್‌ಗೆ ಸರಿ, ಅಲ್ಲಲ್ಲಿ ಬಿಳಿ ಉಳಿದರೆ ಸಕ್ಕರೆಯಾಗಲು ಶುರುವಾಗಿದೆ. ನನ್ನ ಅಕ್ಕನ ದೊಡ್ಡ ಮಗಳಿಗೆ ಇದನ್ನು ತೋರಿಸಿದ ಮೇಲೆ ಅವಳು ಮನೆಯಲ್ಲಿದ್ದ ಆಲೂಗಡ್ಡೆ, ಅನ್ನ, ಸೇಬು ಎಲ್ಲದಕ್ಕೂ ಹಚ್ಚಿ ನೋಡಿದಳು. ಪರೀಕ್ಷೆ ಮಾಡಿದ ಬಿಲ್ಲೆ ಎಸೆಯಿರಿ, ತಿನ್ನಬಾರದು.

ಚಿಪ್ಸ್ ಮಾಡುವಾಗ ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು ಸುಲಿಯಿರಿ, ಇಲ್ಲದಿದ್ದರೆ ಸೊನೆ ಬೆರಳಿಗೆ ಹಿಡಿದು ಎರಡು ದಿನ ಹೋಗಲ್ಲ. ಸುಲಿದ ಕಾಯಿಯನ್ನು ಅರಿಶಿನ, ಉಪ್ಪು ಹಾಕಿದ ನೀರಲ್ಲಿ ಹತ್ತು ನಿಮಿಷ ಬಿಟ್ಟು, ಚೆನ್ನಾಗಿ ಒರೆಸಿ, ತೆಳ್ಳಗೆ ಕಾದ ಎಣ್ಣೆಗೇ ಹೆರೆಯಬೇಕು. ಮುಕ್ಕಾಲು ಬೆಂದಾಗ ಒಂದು ಚಮಚ ಉಪ್ಪು ನೀರನ್ನು ಎಣ್ಣೆಗೆ ಹಾಕುತ್ತಾರೆ. ಜೋರಾಗಿ ಸಿಡಿಯುತ್ತದೆ, ಹಿಂದೆ ಸರಿದು ನಿಲ್ಲಿ, ಮಕ್ಕಳನ್ನು ಅಡುಗೆಮನೆಯಿಂದ ಹೊರಗೆ ಕಳಿಸಿ. ಆ ಸದ್ದು ಇಳಿದು, ಚಿಪ್ಸ್ ಒಂದಕ್ಕೊಂದು ತಾಗಿ ಗಲಗಲ ಅಂದಾಗ ತೆಗೆಯುವುದು. ಬಣ್ಣ ನೋಡಿ ತೆಗೆಯಲು ಹೋದರೆ ತಡವಾಗಿರುತ್ತದೆ.

ಬಜ್ಜಿಗೆ ತರಕಾರಿ ಅಂಗಡಿಯ ಬಾಳೆಕಾಯಿ. ಸಿಪ್ಪೆ ಮೇಲೆ ಹಳದಿ ಛಾಯೆ ಇರಬಾರದು, ಒತ್ತಿದರೆ ಸ್ವಲ್ಪವೂ ಬಗ್ಗಬಾರದು. ಎರಡು ದಿನ ಮನೆಯಲ್ಲಿ ಮರೆತರೆ ಬಜ್ಜಿ ಸಿಹಿಯಾಗುತ್ತದೆ, ಖಾರದ ಹಿಟ್ಟಿನೊಳಗೆ ಆ ಸಿಹಿ ನನಗೆ ಸೇರಲ್ಲ. ಹಸಿ ಪಚ್ಚಬಾಳೆಯಲ್ಲೂ ಬಜ್ಜಿ ಆಗುತ್ತದೆ, ಆದರೆ ಒಳಗೆ ಮುದ್ದೆಯಾಗುವುದು ಜಾಸ್ತಿ.

ಮೂರನೆಯದು ಹಣ್ಣಿನ ಪೋಡಿ. ಇದಕ್ಕೆ ನೇಂದ್ರ ಬಿಟ್ಟರೆ ಬೇರೆ ಇಲ್ಲ. ಏಲಕ್ಕಿ, ಪಚ್ಚಬಾಳೆ ಎಣ್ಣೆಯಲ್ಲಿ ಕರಗಿ ಒಳಗೆ ಪಾಯಸ ಆಗುತ್ತವೆ. ನೇಂದ್ರ ಹಳದಿಯಾದ ಮೇಲೂ ಒಳಗೆ ಸಾಕಷ್ಟು ಪಿಷ್ಟ ಉಳಿಸಿಕೊಂಡಿರುತ್ತದೆ, ಅದಕ್ಕೇ ಕರಿದರೂ ಆಕಾರ ಬಿಡುವುದಿಲ್ಲ. ನನ್ನ ಮೊದಲ ಪೋಡಿ ಆಲೂಗಡ್ಡೆಯಾದದ್ದೂ ಅದೇ ಕಾರಣಕ್ಕೆ. ಬೇಕಾದ ಹದ ಹೇಗಿರುತ್ತದೆ ಅಂದರೆ, ಸಿಪ್ಪೆಯ ಕಾಲು ಭಾಗದಿಂದ ಅರ್ಧದವರೆಗೆ ಕಪ್ಪು, ಉಳಿದದ್ದು ಗಾಢ ಹಳದಿ. ಏಣುಗಳ ಉದ್ದಕ್ಕೆ ಕಪ್ಪು ಗೆರೆ ಎದ್ದಿರುತ್ತದೆ. ಒತ್ತಿದರೆ ಬಗ್ಗುತ್ತದೆ, ಆದರೆ ಗುಳಿ ಬೀಳುವುದಿಲ್ಲ. ಪೂರ್ತಿ ಕಪ್ಪಾಗಿ ಮೆತ್ತಗಾಗಿದ್ದರೆ ಎಣ್ಣೆ ಕುಡಿಯುತ್ತದೆ, ಅದನ್ನು ಹಲ್ವಕ್ಕೆ ಇಡಿ ಅಥವಾ ತುಪ್ಪದಲ್ಲಿ ಹುರಿದು ತಿನ್ನಿ.

ಎರಡು ನೇಂದ್ರಕ್ಕೆ ನಾನು ಒಂದು ಕಪ್ ಮೈದಾ, ಎರಡು ಚಮಚ ಅಕ್ಕಿ ಹಿಟ್ಟು, ಒಂದು ಚಮಚ ಸಕ್ಕರೆ, ಚಿಟಿಕೆ ಉಪ್ಪು, ಚಿಟಿಕೆ ಅರಿಶಿನ ಹಾಕಿ ದೋಸೆ ಹಿಟ್ಟಿಗಿಂತ ಸ್ವಲ್ಪ ದಪ್ಪಗೆ ಕಲಸುತ್ತೇನೆ. ಹಣ್ಣನ್ನು ಅಡ್ಡಕ್ಕೆ ಎರಡು ಮಾಡಿ, ಪ್ರತಿ ಅರ್ಧವನ್ನು ಉದ್ದಕ್ಕೆ ಮೂರು ಸೀಳು. ಉರಿ ಮಧ್ಯಮ. ಜೋರು ಉರಿಯಲ್ಲಿ ಹಣ್ಣಿನ ಸಕ್ಕರೆ ಹಿಟ್ಟಿಗಿಂತ ಮೊದಲು ಸುಡುತ್ತದೆ.

ಹಂತ 5: ಮಗುವಿಗೆ ಕೊಳ್ಳುವಾಗ

ಮೇಲಾಹಾರ ಶುರು ಮಾಡುವುದು ಆರು ತಿಂಗಳು ತುಂಬಿದ ಮೇಲೆ. ಮೊದಲ ಹಣ್ಣಾಗಿ ಹೆಚ್ಚಿನ ಮನೆಗಳಲ್ಲಿ ಬರುವುದು ಏಲಕ್ಕಿಯೇ. ಒಳ್ಳೆಯ ಆಯ್ಕೆ, ಸಣ್ಣ ಹಣ್ಣು, ಒಂದು ಹೊತ್ತಿಗೆ ಅರ್ಧ ಅಥವಾ ಒಂದು ಸಾಕು, ಕತ್ತರಿಸಿದ್ದು ಉಳಿಯುವುದಿಲ್ಲ. ಆದರೆ ಮಗುವಿನ ವಿಷಯದಲ್ಲಿ ತಳಿಗಿಂತ ಹದವೇ ಮುಖ್ಯ. ದೊಡ್ಡವರು ತಿನ್ನುವ ಹದಕ್ಕಿಂತ ಒಂದು ದಿನ ಜಾಸ್ತಿ ಆಗಿರಬೇಕು. ಸಿಪ್ಪೆ ತುಂಬ ಚುಕ್ಕೆ ಬಂದಿರಬೇಕು, ಎರಡೂ ತುದಿಯಲ್ಲಿ ಹಸಿರು ಇರಬಾರದು, ನೀವು ಒಂದು ಚೂರು ತಿಂದಾಗ ಒಗರಿನ ಸುಳಿವೂ ಇರಬಾರದು. ಆ ಒಗರೇ ಇನ್ನೂ ಆಗಿಲ್ಲ ಅನ್ನುವುದಕ್ಕೆ ಸಾಕ್ಷಿ. ಅರೆಹಣ್ಣಿನ ಪಿಷ್ಟ ಸುಲಭವಾಗಿ ಅರಗುವುದಿಲ್ಲ. "ಬಾಳೆಹಣ್ಣು ಕೊಟ್ಟ ಮೇಲೆ ಮಗುವಿಗೆ ಮಲ ಗಟ್ಟಿಯಾಯ್ತು" ಅಂತ ದೂರು ಬಂದಾಗ ಮೊದಲು ಹಣ್ಣಿನ ಹದ ಕೇಳಿ.

ಶೀತ ಆಗುತ್ತದೆ ಅಂತ ಪಚ್ಚಬಾಳೆಯನ್ನು ದೂರ ಇಡುವವರು ತುಂಬಾ ಜನ. ನೆಗಡಿ ಬರುವುದು ವೈರಸ್‌ನಿಂದ, ಹಣ್ಣಿನಿಂದ ಅಲ್ಲ. ಅಜ್ಜಿಯ ಜೊತೆ ಜಗಳ ಮಾಡುವುದು ಬೇಡ, ಏಲಕ್ಕಿ ಕೊಟ್ಟರೆ ಮುಗಿಯಿತು.

ಆರೇಳು ತಿಂಗಳ ಮಗುವಿಗೆ ಹಣ್ಣನ್ನು ಚಮಚದ ಅಂಚಿನಿಂದ ಕೆರೆದು ಕೊಡುವುದು ಚೆನ್ನಾಗಿರುತ್ತದೆ. ಸಿಪ್ಪೆಯ ಒಂದು ಪಟ್ಟಿ ಮಾತ್ರ ತೆಗೆದು, ಉಳಿದದ್ದನ್ನು ಹಿಡಿಯಾಗಿ ಬಿಟ್ಟು, ಮೇಲಿಂದ ಕೆಳಗೆ ಕೆರೆಯುತ್ತಾ ಹೋದರೆ ಗಂಟಿಲ್ಲದ ಬೆಣ್ಣೆ ಹಾಗೆ ಬರುತ್ತದೆ. ಕೈಯಲ್ಲಿ ಹಿಡಿದು ತಿನ್ನುವ ವಯಸ್ಸು ಬಂದರೆ ಗುಂಡಗೆ ಬಿಲ್ಲೆ ಮಾಡಿ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುವ ಆಕಾರ ಅದು. ಬದಲಿಗೆ ಸುಲಿದ ಹಣ್ಣಿನ ತುದಿಯ ನಟ್ಟನಡುವೆ ಬೆರಳಿಟ್ಟು ಮೆಲ್ಲಗೆ ಒತ್ತಿ. ಹಣ್ಣು ತಾನಾಗಿ ಉದ್ದಕ್ಕೆ ಮೂರು ಸೀಳಾಗಿ ಬಿಡಿಸಿಕೊಳ್ಳುತ್ತದೆ, ಚಾಕು ಬೇಡ. ಮೊದಲ ಸಲ ನೋಡಿದಾಗ ನನಗೆ ಆಶ್ಚರ್ಯ ಆಗಿತ್ತು. ಆ ಸೀಳು ಮಗುವಿನ ಮುಷ್ಟಿಗೆ ಸರಿಯಾಗಿ ಕೂರುತ್ತದೆ. ಮಗು ಕೂತು ತಿನ್ನಬೇಕು, ಎದುರಿಗೆ ಒಬ್ಬರು ಇರಬೇಕು.

ರಸಾಯನ ಮಾಡಿ ಕೊಡುವವರು ಗಮನಿಸಿ, ಒಂದು ವರ್ಷ ತುಂಬುವವರೆಗೆ ಜೇನುತುಪ್ಪ ಹಾಕಬಾರದು. ಮಗುವಿಗೆ ಅಪಾಯದ ಒಂದು ಬ್ಯಾಕ್ಟೀರಿಯಾದ ಬೀಜಾಣು ಅದರಲ್ಲಿ ಇರಬಹುದು. ಮಾಗಿದ ಏಲಕ್ಕಿಗೆ ಬೆಲ್ಲ, ಸಕ್ಕರೆ ಯಾವುದೂ ಬೇಕಾಗಿಲ್ಲ.

ನಮ್ಮ ಕಡೆ ಮಗುವಿಗೆ ನೇಂದ್ರ ಹಣ್ಣನ್ನು ಬೇಯಿಸಿ ಕೊಡುತ್ತಾರೆ. ಪೋಡಿಗೆ ಹೇಳಿದ ಹದದ ಹಣ್ಣನ್ನೇ ಸಿಪ್ಪೆ ಸಮೇತ ಎರಡು ತುಂಡು ಮಾಡಿ ಹಬೆಯಲ್ಲಿ ಸುಮಾರು 15 ನಿಮಿಷ ಇಡಿ. ಸಿಪ್ಪೆ ಬಾಯಿ ಬಿಟ್ಟರೆ ಬೆಂದಿದೆ. ಉದ್ದಕ್ಕೆ ಸೀಳಿ, ನಟ್ಟನಡುವೆ ಇರುವ ಕಪ್ಪು ಚುಕ್ಕೆಗಳ ಸಾಲನ್ನು ಚಮಚದಲ್ಲಿ ಎಳೆದು ತೆಗೆದು, ಉಳಿದದ್ದನ್ನು ಅರ್ಧ ಚಮಚ ತುಪ್ಪದ ಜೊತೆ ಮಸೆದು ಕೊಡಿ. ಬೇಯಿಸದೆ ಹಸಿಯಾಗಿ ಸಣ್ಣ ಮಗುವಿಗೆ ನೇಂದ್ರ ಕೊಡಬೇಡಿ, ಹಣ್ಣಾದರೂ ಅದು ಗಟ್ಟಿ.

ಹಂತ 6: ಒಂದು ಶನಿವಾರದ ಚೀಲ

ಹೋದ ತಿಂಗಳು ಅಕ್ಕ ತನ್ನ ಮಕ್ಕಳನ್ನು ಕರೆದುಕೊಂಡು ಶನಿವಾರ ಸಂಜೆ ಬರುವವಳಿದ್ದಳು, ಸೋಮವಾರ ಬೆಳಗ್ಗೆವರೆಗೆ ಇರುವ ಲೆಕ್ಕ. ಚಿಕ್ಕವನಿಗೆ ಹತ್ತು ತಿಂಗಳು. ಭಾನುವಾರ ಸಂಜೆ ಪೋಡಿ ಆಗಲೇಬೇಕು ಅಂತ ಭಾವನ ಆಜ್ಞೆ.

ನೇಂದ್ರವನ್ನು ನಾನು ಬುಧವಾರವೇ ತಂದೆ, ನಾಲ್ಕು ಹಣ್ಣು, ಪೂರ್ತಿ ಹಳದಿ, ತೊಟ್ಟಿನ ಹತ್ತಿರ ಸ್ವಲ್ಪ ಹಸಿರು. ಬೆಂಗಳೂರಿನ ಹವೆಗೆ ನಾಲ್ಕು ದಿನ ಬೇಕು ಅಂತ ಲೆಕ್ಕ. ಶುಕ್ರವಾರ ಏಣಿನ ಮೇಲೆ ಕಪ್ಪು ಗೆರೆ ಬಂತು, ಭಾನುವಾರಕ್ಕೆ ಮೂರನೇ ಒಂದು ಭಾಗ ಕಪ್ಪಾಗಿತ್ತು. ಇದೇ ಹಣ್ಣು ಪುತ್ತೂರಿನ ಸೆಕೆಯಲ್ಲಾದರೆ ಒಂದು ದಿನ ಮೊದಲೇ ಆಗುತ್ತಿತ್ತು.

ಉಳಿದದ್ದು ಶನಿವಾರ ಮಧ್ಯಾಹ್ನ. ಅಣ್ಣನ ಮಾಮೂಲಿ ಪ್ರಶ್ನೆಗೆ ಈ ಸಲ ಉತ್ತರ ಇತ್ತು. "ಏಲಕ್ಕಿ ಅರ್ಧ ಕೆಜಿ ಉದುರಿದ್ದು, ಇವತ್ತು ಮಗುವಿಗೆ. ಇನ್ನರ್ಧ ಕೆಜಿ ಚಿಪ್ಪು, ಹಳದಿ ಇರಲಿ, ಚುಕ್ಕೆ ಬೇಡ, ನಾಳೆ ನಾಡಿದ್ದಿಗೆ. ಪಚ್ಚಬಾಳೆ ಒಂದು ಕೆಜಿ, ಎರಡು ಇವತ್ತಿಗೆ, ಮಿಕ್ಕಿದ್ದು ತುದಿ ಹಸಿರು." ಅವರು ನಕ್ಕು, "ನೀವೇ ಆರಿಸ್ಕೊಳಿ ಅಕ್ಕ" ಅಂದರು. ಒಂದೇ ಹದದ ಎರಡು ಕೆಜಿ ತಂದರೆ ಆಗುವುದು ಗೊತ್ತಲ್ಲ, ಮೊದಲ ದಿನ ಯಾರಿಗೂ ತಿನ್ನೋಕಾಗಲ್ಲ, ಮೂರನೇ ದಿನ ಎಲ್ಲವೂ ಒಟ್ಟಿಗೆ ಕಳಿತು ಕೂರುತ್ತವೆ.

ಒಂದೇ ತಪ್ಪಾಯಿತು. ಬೇಗ ಆಗಲಿ ಅಂತ ಯಾರೋ ಏಲಕ್ಕಿ ಚಿಪ್ಪನ್ನು ಕಪ್ಪಾದ ನೇಂದ್ರದ ಪಕ್ಕದಲ್ಲೇ, ಮುಚ್ಚಿದ ಬುಟ್ಟಿಯಲ್ಲಿ ಇಟ್ಟರು. ಮಾಗಿದ ಹಣ್ಣು ಬಿಡುವ ಎಥಿಲೀನ್ ಪಕ್ಕದವುಗಳನ್ನೂ ಎಬ್ಬಿಸುತ್ತದೆ. ಸೋಮವಾರಕ್ಕೆ ಇಟ್ಟಿದ್ದ ಏಲಕ್ಕಿ ಭಾನುವಾರ ರಾತ್ರಿಯೇ ಉದುರಿತು.

ಹಂತ 7: ಮನೆಗೆ ತಂದ ಮೇಲೆ

ಇದೇ ಗುಣವನ್ನು ಬೇಕಾದಾಗ ಬಳಸಿಕೊಳ್ಳಬಹುದು. ಕಾಯಿ ಬೇಗ ಹಣ್ಣಾಗಬೇಕಾದರೆ ಒಂದು ಮಾಗಿದ ಹಣ್ಣಿನ ಜೊತೆ ಕಾಗದದ ಚೀಲದಲ್ಲಿ ಕಟ್ಟಿಡಿ. ಹಳ್ಳಿಯಲ್ಲಿ ಗೊನೆಗೆ ಹೊಗೆ ಹಾಕಿ ಹಣ್ಣು ಮಾಡುತ್ತಿದ್ದರಲ್ಲ, ಹೊಗೆಯಲ್ಲೂ ಎಥಿಲೀನ್ ಇರುತ್ತದೆ. ಪ್ಲಾಸ್ಟಿಕ್ ಚೀಲ ಬೇಡ, ಬೆವರಿ ತೊಟ್ಟಿಗೆ ಬೂಸ್ಟು ಹಿಡಿಯುತ್ತದೆ. ನಿಧಾನ ಆಗಬೇಕಾದರೆ ಬೇರೆ ಬೇರೆ ಇಡಿ, ಗಾಳಿ ಆಡುವ ಕಡೆ ನೇತುಹಾಕಿ.

ಫ್ರಿಜ್‌ಗೆ ಕಾಯಿ ಹಾಕಬೇಡಿ. 13 ಡಿಗ್ರಿಗಿಂತ ಕೆಳಗೆ ಬಾಳೆಕಾಯಿಯ ಸಿಪ್ಪೆ ಬೂದು ಕಂದಾಗುತ್ತದೆ, ಆಮೇಲೆ ಹೊರಗೆ ತೆಗೆದಿಟ್ಟರೂ ಸರಿಯಾಗಿ ಹಣ್ಣಾಗುವುದಿಲ್ಲ. ಪೂರ್ತಿ ಹಣ್ಣಾದ ಪಚ್ಚಬಾಳೆಯನ್ನು ಮಾತ್ರ ಇಡಬಹುದು. ಸಿಪ್ಪೆ ಕಪ್ಪಾಗುತ್ತದೆ, ಹೆದರಬೇಡಿ, ಒಳಗೆ ಎರಡು ಮೂರು ದಿನ ಚೆನ್ನಾಗಿಯೇ ಇರುತ್ತದೆ. ಏಲಕ್ಕಿಯನ್ನು ಇಟ್ಟರೆ ರುಚಿ ಹೋಗುತ್ತದೆ.

ಗುಳಿ ಬೀಳುವಷ್ಟು ಕಳಿತ ಪಚ್ಚಬಾಳೆ ಉಳಿದರೆ ರಾತ್ರಿಯೇ ಬನ್ಸ್ ಹಿಟ್ಟು ಕಲಸಿಡಿ. ಎರಡು ಹಣ್ಣಿಗೆ ಎರಡು ಕಪ್ ಮೈದಾ, ಎರಡು ಚಮಚ ಸಕ್ಕರೆ, ಎರಡು ಮೂರು ಚಮಚ ಹುಳಿ ಮೊಸರು, ಉಪ್ಪು, ಜೀರಿಗೆ, ಚಿಟಿಕೆ ಸೋಡಾ. ನೀರು ಹಾಕಬೇಡಿ, ಹಣ್ಣಿನ ನೀರೇ ಸಾಕಾಗುತ್ತದೆ. ಬೆಳಗ್ಗೆ ಪೂರಿಗಿಂತ ದಪ್ಪಗೆ ಲಟ್ಟಿಸಿ ಕರಿಯಿರಿ. ಮಾಡಲು ಪುರುಸೊತ್ತಿಲ್ಲ ಅಂದರೆ ಸಿಪ್ಪೆ ತೆಗೆದು ಡಬ್ಬಿಗೆ ಹಾಕಿ ಫ್ರೀಜರಿನಲ್ಲಿಡಿ, ಮುಂದಿನ ಶನಿವಾರ ರಾತ್ರಿ ಹೊರಗೆ ತೆಗೆದು ಮಸೆದರೆ ಆಯಿತು.